ಒಂದೇ ಚೆಂಡು, ನಾಲ್ಕು ರಬ್ಬರ್: ಟಿಟಿ ಬ್ಯಾಟ್‌ನ ಮೈ ಸ್ಪಿನ್‌ಗೆ ಏನು ಮಾಡುತ್ತದೆ?

2024ರ ಫೆಬ್ರವರಿಯಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಟೇಬಲ್ ಟೆನಿಸ್‌ನ ವಿಶ್ವ ತಂಡ ಚಾಂಪಿಯನ್‌ಶಿಪ್ ನಡೆಯಿತು. ಭಾರತದ ಮಹಿಳಾ ತಂಡಕ್ಕೆ ಮೊದಲ ಎದುರಾಳಿಯೇ ಚೀನಾ. ಮೊದಲ ಪಂದ್ಯದಲ್ಲಿ ನಮ್ಮ ಐಹಿಕಾ ಮುಖರ್ಜಿ ಆಗಿನ ವಿಶ್ವದ ನಂಬರ್ 1 ಸುನ್ ಯಿಂಗ್ಶಾ ಎದುರು ಆಡಿದರು. 12-10, 2-11, 13-11, 11-6. ಗೆದ್ದವರು ಐಹಿಕಾ. ಭಾರತ ಆ ಸುತ್ತನ್ನು 2-3ರಿಂದ ಸೋತಿತು, ಆದರೆ ಟಿಟಿ ನೋಡುವವರೆಲ್ಲ ಈ ಒಂದು ಪಂದ್ಯದ ಬಗ್ಗೆಯೇ ಮಾತಾಡಿದರು.

ಸುನ್ ಯಿಂಗ್ಶಾ ಅವರ ಹೊಡೆತದಲ್ಲಿ ವೇಗವೂ ಇದೆ, ಸ್ಪಿನ್ನೂ ಇದೆ. ಅಂಥವರ ಚೆಂಡುಗಳು ಯಾಕೆ ನೆಟ್‌ಗೆ ಬೀಳುತ್ತಿದ್ದವು? ಐಹಿಕಾ ಅವರ ಆಟ, ಧೈರ್ಯ ಎಲ್ಲ ಸರಿ. ಜೊತೆಗೆ ಅವರ ಬ್ಯಾಕ್‌ಹ್ಯಾಂಡ್ ಕಡೆ ಇದ್ದದ್ದು ಆಂಟಿ ಸ್ಪಿನ್ ರಬ್ಬರ್. ಟಿವಿಯಲ್ಲಿ ನೋಡಿದರೆ ಬೇರೆ ರಬ್ಬರ್‌ನಂತೆಯೇ ನುಣ್ಣಗೆ ಕಾಣುತ್ತದೆ. ಚೆಂಡು ತಗುಲಿದಾಗ ಮಾತ್ರ ಅದು ಪೂರ್ತಿ ಬೇರೆಯೇ ಕೆಲಸ ಮಾಡುತ್ತದೆ.

ಆಂಟಿ ರಬ್ಬರ್, ಉದ್ದನೆಯ ಗುಬುಟುಗಳಿರುವ ಲಾಂಗ್ ಪಿಂಪಲ್ ರಬ್ಬರ್ ಅಂದ ಕೂಡಲೇ "ಅದು ಸ್ಪಿನ್ ಅನ್ನು ಉಲ್ಟಾ ಮಾಡುತ್ತೆ" ಅನ್ನುವ ಮಾತು ಕ್ಲಬ್‌ಗಳಲ್ಲಿ ಕೇಳುತ್ತದೆ. ನಿಜ ಇದಕ್ಕೆ ತದ್ವಿರುದ್ಧ. ಸ್ಪಿನ್ ಅನ್ನು ಉಲ್ಟಾ ಮಾಡುವುದು ನಾವೆಲ್ಲ ಬಳಸುವ ಮಾಮೂಲಿ ರಬ್ಬರ್. ಆಂಟಿ ಮತ್ತು ಲಾಂಗ್ ಪಿಂಪಲ್ ಹೆಚ್ಚೂಕಡಿಮೆ ಏನೂ ಮಾಡದೆ ಬಿಟ್ಟುಬಿಡುತ್ತವೆ. ಈ ಒಂದು ವಿಷಯ ಸರಿಯಾಗಿ ಅರ್ಥವಾದರೆ ಉಳಿದದ್ದೆಲ್ಲ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಅಂಪೈರ್ ಕುರ್ಚಿಯಿಂದ ನೋಡಿ

ಆಡುವಾಗ ನಾವು ಸ್ಪಿನ್ ಅನ್ನು ನಮ್ಮ ಕಡೆಯಿಂದ ಲೆಕ್ಕ ಹಾಕುತ್ತೇವೆ. ಹೋಗುವ ದಿಕ್ಕಿಗೇ ಮುಂದಕ್ಕೆ ಉರುಳುತ್ತಾ ಹೋದರೆ ಟಾಪ್‌ಸ್ಪಿನ್, ಹಿಂದಕ್ಕೆ ಉರುಳುತ್ತಾ ಹೋದರೆ ಬ್ಯಾಕ್‌ಸ್ಪಿನ್. ಗೊಂದಲ ಶುರುವಾಗುವುದು ಇಲ್ಲೇ. ಚೆಂಡು ವಾಪಸ್ ಹೊರಟಾಗ "ಮುಂದೆ" ಅನ್ನುವುದೇ ಬದಲಾಗುತ್ತದೆ. ಹಾಗಾಗಿ ಸ್ವಲ್ಪ ಹೊತ್ತು ಟೇಬಲ್ ಪಕ್ಕದ ಅಂಪೈರ್ ಕುರ್ಚಿಯಲ್ಲಿ ಕೂತು ನೋಡೋಣ. ಅಲ್ಲಿಂದ ಚೆಂಡಿಗೆ ಇರುವುದು ಎರಡೇ ತಿರುಗು. ಗಡಿಯಾರದ ಮುಳ್ಳಿನಂತೆ ತಿರುಗಿದರೆ ಬಲಸುತ್ತು, ಅದಕ್ಕೆ ಎದುರಾಗಿ ತಿರುಗಿದರೆ ಎಡಸುತ್ತು ಅನ್ನೋಣ. ಪಕ್ಕದ ಸ್ಪಿನ್, ಅಂದರೆ ಸೈಡ್‌ಸ್ಪಿನ್ ಕೂಡ ಇರುತ್ತದೆ, ಅದನ್ನು ಸದ್ಯಕ್ಕೆ ಬಿಡೋಣ.

ನೀವು ಎಡಗಡೆ ನಿಂತಿದ್ದೀರಿ, ಎದುರಾಳಿ ಬಲಗಡೆ. ಎದುರಾಳಿ ಜೋರಾಗಿ ಲೂಪ್ ಹೊಡೆದರು, ಅಂದರೆ ತುಂಬ ಟಾಪ್‌ಸ್ಪಿನ್ ಕೊಟ್ಟರು. ಚೆಂಡು ಬಲದಿಂದ ಎಡಕ್ಕೆ ಬರುತ್ತಿದೆ, ಅದರ ಮೇಲ್ಭಾಗವೂ ಎಡಕ್ಕೇ ಓಡುತ್ತಿದೆ. ಅಂಪೈರ್ ಕಣ್ಣಿಗೆ ಇದು ಎಡಸುತ್ತು. ಒಳ್ಳೆಯ ಆಟಗಾರರ ಲೂಪ್‌ನಲ್ಲಿ ಚೆಂಡು ಸೆಕೆಂಡಿಗೆ 100 ಸುತ್ತಿನ ಆಸುಪಾಸು ತಿರುಗುತ್ತದೆ.

ಈಗ ಚೆಂಡು ನಿಮ್ಮ ಬ್ಯಾಟ್‌ಗೆ ತಗುಲುವ ಕ್ಷಣ ನೋಡಿ. ಚೆಂಡಿನ ನಿಮ್ಮ ಕಡೆಯ ಮುಖ ಕೆಳಕ್ಕೆ ಓಡುತ್ತಿದೆ. ರಬ್ಬರ್ ಆ ಮುಖವನ್ನು ಹಿಡಿದರೆ ಎರಡು ಸಂಗತಿ ನಡೆಯುತ್ತವೆ. ಕೆಳಕ್ಕೆ ಓಡುವುದನ್ನು ತಡೆಯುವ ರಬ್ಬರ್ ಚೆಂಡನ್ನು ಮೇಲಕ್ಕೆ ತಳ್ಳುತ್ತದೆ. ಅದಕ್ಕೇ ಲೂಪ್‌ಗೆ ಸುಮ್ನೆ ಬ್ಯಾಟ್ ಇಟ್ಟರೆ ಚೆಂಡು ಮೇಲೆದ್ದು ಟೇಬಲ್ ಆಚೆ ಹೋಗುತ್ತದೆ, ಬ್ಯಾಟ್ ಮುಂದಕ್ಕೆ ಬಾಗಿಸಿ ಹಿಡಿಯಬೇಕಾಗುತ್ತದೆ. ಇನ್ನೊಂದು, ಅದೇ ತಡೆ ಚೆಂಡಿನ ತಿರುಗನ್ನು ನಿಲ್ಲಿಸುತ್ತದೆ, ಸಾಲದ್ದಕ್ಕೆ ಎದುರು ದಿಕ್ಕಿಗೂ ತಿರುಗಿಸುತ್ತದೆ. ರಬ್ಬರ್ ಹಿಡಿಯದೇ ಜಾರಲು ಬಿಟ್ಟರೆ? ಚೆಂಡು ಹಾರುವುದೂ ಇಲ್ಲ, ತಿರುಗು ನಿಲ್ಲುವುದೂ ಇಲ್ಲ.

ರಬ್ಬರ್‌ಗಳ ನಡುವಿನ ಮುಖ್ಯ ವ್ಯತ್ಯಾಸ ಇಷ್ಟೇ. ಬ್ಯಾಟ್‌ನ ಮೈ ಚೆಂಡನ್ನು ಎಷ್ಟು ಹಿಡಿಯುತ್ತದೆ, ಹಿಡಿದಮೇಲೆ ಏನು ಮಾಡುತ್ತದೆ. ಚೆಂಡು ಬ್ಯಾಟ್‌ನ ಮೇಲೆ ಇರುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಹೊತ್ತು. ಆಗಬೇಕಾದ್ದೆಲ್ಲ ಅಷ್ಟರಲ್ಲೇ ಆಗಿಬಿಡುತ್ತದೆ.

ಇನ್ವರ್ಟೆಡ್: ಹಿಡಿದು ತಿರುಗಿಸುವ ರಬ್ಬರ್

ಅಂಗಡಿಯಲ್ಲಿ "ರಬ್ಬರ್" ಅಂತ ಕೇಳಿದರೆ ಸಿಗುವುದು ಇದೇ. ಇದರಲ್ಲೂ ಪಿಂಪಲ್‌ಗಳಿವೆ. ಸಣ್ಣ ಸಣ್ಣ ಗುಬುಟುಗಳಿರುವ ರಬ್ಬರ್ ಹಾಳೆಯನ್ನು ಮಗುಚಿ, ಗುಬುಟುಗಳು ಒಳಕ್ಕೆ ಬರುವಂತೆ ಸ್ಪಾಂಜ್ ಮೇಲೆ ಅಂಟಿಸಿರುತ್ತಾರೆ. ನುಣುಪಾದ ಬೆನ್ನು ಹೊರಕ್ಕೆ ಕಾಣುತ್ತದೆ. ಬ್ಯಾಟ್‌ನ ಒಂದು ಬದಿಯಲ್ಲಿ ರಬ್ಬರ್, ಸ್ಪಾಂಜ್, ಅಂಟು ಎಲ್ಲ ಸೇರಿ 4 ಮಿಲಿಮೀಟರ್ ದಾಟಬಾರದು ಅನ್ನುವುದು ನಿಯಮ. ಸ್ಪಾಂಜ್ ಮಾತ್ರ ಸಾಮಾನ್ಯವಾಗಿ 1.5ರಿಂದ 2.2 ಮಿಲಿಮೀಟರ್ ಇರುತ್ತದೆ.

ಚೆಂಡು ತಗುಲಿದಾಗ ಅದು ಸ್ಪಾಂಜ್‌ನೊಳಕ್ಕೆ ಸ್ವಲ್ಪ ಇಳಿಯುತ್ತದೆ. ಮೇಲಿನ ನುಣುಪು ಹಾಳೆಯ ಸಾಕಷ್ಟು ಜಾಗ ಚೆಂಡನ್ನು ಸುತ್ತಿಕೊಳ್ಳುತ್ತದೆ. ಚೆಂಡು ತಿರುಗುತ್ತಾ ಬಂದಿದ್ದರಿಂದ ಹಾಳೆಯನ್ನು ಪಕ್ಕಕ್ಕೆ ಎಳೆಯುತ್ತದೆ. ಒಳಗಿನ ಗುಬುಟುಗಳು ವಾಲುತ್ತವೆ, ಸ್ಪಾಂಜ್ ಹಿಗ್ಗುತ್ತದೆ. ಆಮೇಲೆ ಎಲ್ಲ ತಮ್ಮ ಜಾಗಕ್ಕೆ ವಾಪಸ್ ಬರುವಾಗ ಚೆಂಡನ್ನೂ ಎದುರು ದಿಕ್ಕಿಗೆ ಉರುಳಿಸುತ್ತವೆ. ಎಡಸುತ್ತಿನಲ್ಲಿ ಬಂದ ಚೆಂಡು ಬಲಸುತ್ತಿನಲ್ಲಿ ಹೊರಡುತ್ತದೆ. ಎಡದಿಂದ ಬಲಕ್ಕೆ ಹೋಗುವ ಚೆಂಡು ಬಲಸುತ್ತಿನಲ್ಲಿದ್ದರೆ ಅದು ಟಾಪ್‌ಸ್ಪಿನ್. ಅಂದರೆ ಟಾಪ್‌ಸ್ಪಿನ್ ಬಂತು, ಟಾಪ್‌ಸ್ಪಿನ್ ಹೋಯಿತು. ನಮಗೆ ಏನೂ ಬದಲಾಗಿಲ್ಲ ಅನಿಸುತ್ತದೆ, ಅಲ್ವಾ? ಅಂಪೈರ್ ಕುರ್ಚಿಯಿಂದ ನೋಡಿದರೆ ಚೆಂಡು ಪ್ರತಿ ಹೊಡೆತಕ್ಕೂ ನಿಂತು ಉಲ್ಟಾ ತಿರುಗುತ್ತಿದೆ.

ಇಬ್ಬರೂ ಇನ್ವರ್ಟೆಡ್ ಹಿಡಿದು ಟಾಪ್‌ಸ್ಪಿನ್ ಆಡಿದಾಗ ಇಷ್ಟೊಂದು ಶಕ್ತಿ ಬೇಕಾಗುವುದು ಇದಕ್ಕೇ. ಎದುರಾಳಿಯ ಸ್ಪಿನ್ ಅನ್ನು ಮೊದಲು ಕೊಲ್ಲಬೇಕು, ಆಮೇಲೆ ನಮ್ಮದನ್ನು ಹಾಕಬೇಕು.

ಇನ್ವರ್ಟೆಡ್‌ನಲ್ಲಿಯೇ ಎರಡು ಮನೆತನಗಳಿವೆ. ಚೀನಾದ ಹರಿಕೇನ್ 3ರಂಥ ರಬ್ಬರ್‌ಗಳ ಮೈ ಅಂಟಂಟಾಗಿರುತ್ತದೆ, ಸ್ಪಾಂಜ್ ಗಟ್ಟಿ. ಜಪಾನಿನ ಬಟರ್‌ಫ್ಲೈ ಕಂಪನಿಯ ಟೆನರ್ಜಿಯಂಥವುಗಳ ಮೈ ಅಂಟುವುದಿಲ್ಲ, ಆದರೆ ಒಳಗಿನ ಸ್ಪಾಂಜ್ ತುಂಬ ಪುಟಿಯುತ್ತದೆ. ಮೊದಲನೆಯದರಲ್ಲಿ ಆಟಗಾರ ತಾನೇ ಜೋರು ಹಾಕಬೇಕು. ಎರಡನೆಯದು ಅರ್ಧ ಕೆಲಸ ತಾನೇ ಮಾಡಿಕೊಡುತ್ತದೆ. ಸ್ಪಿನ್ ಉಲ್ಟಾ ಮಾಡುವ ವಿಷಯದಲ್ಲಿ ಎರಡೂ ಒಂದೇ ಜಾತಿ.

ಈ ಸ್ಪಾಂಜ್ ಕಥೆಗೆ ನಮ್ಮ ದೇಶದ ನಂಟಿದೆ. 1952ರ ವಿಶ್ವ ಚಾಂಪಿಯನ್‌ಶಿಪ್ ಬಾಂಬೆಯಲ್ಲಿ ನಡೆಯಿತು. ಜಪಾನಿನ ಹಿರೋಜಿ ಸಾಟೋ ಅಲ್ಲಿಗೆ ದಪ್ಪ ಸ್ಪಾಂಜ್ ಹಚ್ಚಿದ ಬ್ಯಾಟ್ ತಂದರು. ಉಳಿದವರೆಲ್ಲ ಸ್ಪಾಂಜ್ ಇಲ್ಲದ, ಗುಬುಟು ಹೊರಗಿದ್ದ ರಬ್ಬರ್‌ನಲ್ಲಿ ಆಡುತ್ತಿದ್ದ ಕಾಲ. ಆ ರಬ್ಬರ್‌ಗೆ ಚೆಂಡು ತಗುಲಿದರೆ ಟಕ್ ಟಕ್ ಅನ್ನುವ ಸದ್ದು. ಸಾಟೋ ಬ್ಯಾಟ್‌ನಲ್ಲಿ ಸದ್ದೇ ಇಲ್ಲ, ಚೆಂಡು ಮಾತ್ರ ಸರ್ರನೆ ಬರುತ್ತಿತ್ತು. ಅವರು ಚಾಂಪಿಯನ್ ಆದರು. ಮುಂದೆ 1959ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಬರೀ ಸ್ಪಾಂಜ್ ಬ್ಯಾಟ್ ಬೇಡ, ಸ್ಪಾಂಜ್ ಮೇಲೆ ಪಿಂಪಲ್ ಇರುವ ರಬ್ಬರ್ ಹಾಳೆ ಇರಲೇಬೇಕು, ಒಟ್ಟು ದಪ್ಪಕ್ಕೂ ಮಿತಿ ಇರಬೇಕು ಅಂತ ನಿಯಮ ಮಾಡಿತು. ನಾವಿಂದು ಬಳಸುವ ರಬ್ಬರ್‌ಗಳ ರೂಪ ಅಲ್ಲಿಂದ ಬಂದದ್ದು.

ಶಾರ್ಟ್ ಪಿಂಪಲ್: ಬೇಗ ಬಿಟ್ಟುಬಿಡುವ ರಬ್ಬರ್

ಅದೇ ಹಾಳೆಯನ್ನು ಗುಬುಟು ಹೊರಗಿರುವಂತೆ ಅಂಟಿಸಿದರೆ ಪಿಂಪಲ್ ರಬ್ಬರ್. ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ 10ರಿಂದ 30 ಗುಬುಟು ಇರಬೇಕು ಅನ್ನುವುದು ನಿಯಮ. ಗುಬುಟು ಗಿಡ್ಡವಾಗಿ, ದಪ್ಪವಾಗಿದ್ದರೆ ಅದು ಶಾರ್ಟ್ ಪಿಂಪಲ್. ಸಾಮಾನ್ಯವಾಗಿ ಕೆಳಗೆ ಸ್ಪಾಂಜ್ ಇರುತ್ತದೆ.

ಇಲ್ಲಿ ಚೆಂಡಿಗೆ ಸಿಗುವುದು ಗುಬುಟುಗಳ ತಲೆ ಮಾತ್ರ, ಪೂರ್ತಿ ಹಾಳೆಯಲ್ಲ. ಹಿಡಿತ ಕಡಿಮೆ. ಚೆಂಡು ಬ್ಯಾಟ್ ಬಿಟ್ಟು ಬೇಗ ಹೊರಡುತ್ತದೆ. ಹಾಗಾಗಿ ಎದುರಾಳಿಯ ಸ್ಪಿನ್ ನಿಮ್ಮನ್ನು ಅಷ್ಟಾಗಿ ಕಾಡುವುದಿಲ್ಲ, ನೀವು ಕೊಡುವ ಸ್ಪಿನ್ನೂ ಅಷ್ಟಾಗಿ ಹತ್ತುವುದಿಲ್ಲ. ಬದಲಿಗೆ ವೇಗವಾದ, ಚಪ್ಪಟೆ ಹೊಡೆತ ಸುಲಭ. ಟೇಬಲ್‌ಗೆ ಅಂಟಿ ನಿಂತು ಚೆಂಡು ಏಳುತ್ತಿದ್ದಂತೆಯೇ ತಟ್ಟುವವರಿಗೆ ಇದು ಹೇಳಿ ಮಾಡಿಸಿದ್ದು. 1996ರ ಅಟ್ಲಾಂಟಾ ಒಲಿಂಪಿಕ್ಸ್ ಗೆದ್ದ ಲಿಯು ಗ್ವೊಲಿಯಾಂಗ್ ಹೀಗೆ ಆಡಿದವರು. ಟೋಕಿಯೊದಲ್ಲಿ ಮಿಕ್ಸೆಡ್ ಡಬಲ್ಸ್ ಚಿನ್ನ ಗೆದ್ದ ಜಪಾನಿನ ಮಿಮಾ ಇಟೊ ಅವರ ಬ್ಯಾಕ್‌ಹ್ಯಾಂಡ್ ಕಡೆಯೂ ಶಾರ್ಟ್ ಪಿಂಪಲ್ಲೇ.

ಎದುರು ನಿಂತವರಿಗೆ ಕಷ್ಟ ಎಲ್ಲಿ? ಇನ್ವರ್ಟೆಡ್‌ನಿಂದ ಬಂದ ಟಾಪ್‌ಸ್ಪಿನ್ ಚೆಂಡು ಟೇಬಲ್ ಮೇಲೆ ಬಿದ್ದಮೇಲೆ ಮುಂದಕ್ಕೆ ಜಿಗಿಯುತ್ತದೆ. ಶಾರ್ಟ್ ಪಿಂಪಲ್‌ನಿಂದ ಬಂದದ್ದಕ್ಕೆ ಆ ಜಿಗಿತ ಇಲ್ಲ. ನೋಡುವುದಕ್ಕೆ ಅದೇ ವೇಗ, ಬಿದ್ದಮೇಲೆ ಮಾತ್ರ ಚೆಂಡು ಕುಸಿಯುತ್ತದೆ. ಅಭ್ಯಾಸ ಇಲ್ಲದವರು ಬ್ಯಾಟ್ ಬಾಗಿಸಿ ಕಾಯುತ್ತಾರೆ, ಚೆಂಡು ನೆಟ್‌ಗೆ ಹೋಗುತ್ತದೆ. ಒಂದೆರಡು ಗೇಮ್ ಆಡಿದರೆ ಇದಕ್ಕೆ ಹೊಂದಿಕೊಳ್ಳಬಹುದು.

ಲಾಂಗ್ ಪಿಂಪಲ್: ಬಾಗಿ ದಾರಿ ಬಿಡುವ ರಬ್ಬರ್

ಗುಬುಟು ಉದ್ದವಾಗಿ, ಸಣ್ಣಗೆ ಇದ್ದರೆ ಆಟವೇ ಬೇರೆ. ಎಷ್ಟು ಉದ್ದ ಇರಬಹುದು ಅನ್ನುವುದಕ್ಕೂ ಮಿತಿ ಇದೆ. 1999ರಿಂದ ಗುಬುಟಿನ ಎತ್ತರ ಅದರ ಅಗಲದ 1.1 ಪಟ್ಟನ್ನು ಮೀರುವಂತಿಲ್ಲ. ಅದಕ್ಕೂ ಮೊದಲು ಇನ್ನೂ ಉದ್ದನೆಯವು ಇದ್ದವು. ಕೆಲವರು ಕೆಳಗೆ ತೆಳ್ಳನೆಯ ಸ್ಪಾಂಜ್ ಹಾಕುತ್ತಾರೆ, ಕೆಲವರು ಸ್ಪಾಂಜ್ ಇಲ್ಲದೆ ನೇರ ಮರಕ್ಕೇ ಅಂಟಿಸುತ್ತಾರೆ. ಸ್ಪಾಂಜ್ ಇಲ್ಲದ ಪಿಂಪಲ್ ರಬ್ಬರ್ ಅಂಟು ಸೇರಿ 2 ಮಿಲಿಮೀಟರ್ ದಾಟಬಾರದು.

ತಿರುಗುತ್ತಾ ಬಂದ ಚೆಂಡು ತಗುಲಿದಾಗ ಈ ಗುಬುಟುಗಳು ಗಾಳಿಗೆ ರಾಗಿ ಪೈರು ಬಾಗಿದಂತೆ ಚೆಂಡು ತಿರುಗುವ ಕಡೆಗೇ ಬಾಗುತ್ತವೆ. ಅವುಗಳ ತಲೆಯೂ ಅಷ್ಟಾಗಿ ಹಿಡಿಯುವುದಿಲ್ಲ. ಚೆಂಡಿನ ತಿರುಗಿಗೆ ತಡೆ ಸಿಗುವುದೇ ಇಲ್ಲ ಅನ್ನುವಷ್ಟು ಕಡಿಮೆ.

ಈಗ ಮತ್ತೆ ಅಂಪೈರ್ ಕುರ್ಚಿಗೆ ಬನ್ನಿ. ಒಂದು ಪಾಯಿಂಟ್ ಪೂರ್ತಿ ನೋಡೋಣ. ಎದುರಾಳಿ ಬಲಗಡೆಯಿಂದ ಲೂಪ್ ಹೊಡೆದರು. ಚೆಂಡು ಎಡಸುತ್ತಿನಲ್ಲಿ ನಿಮ್ಮ ಕಡೆ ಬಂತು. ನೀವು ಲಾಂಗ್ ಪಿಂಪಲ್ ಕಡೆಯಿಂದ ಸುಮ್ನೆ ಬ್ಲಾಕ್ ಮಾಡಿದಿರಿ. ಚೆಂಡಿನ ದಾರಿ ತಿರುಗಿತು, ಸುತ್ತು ತಿರುಗಲಿಲ್ಲ. ಈಗ ಅದು ಎಡದಿಂದ ಬಲಕ್ಕೆ ಹೋಗುತ್ತಿದೆ, ಆದರೆ ಇನ್ನೂ ಎಡಸುತ್ತಿನಲ್ಲೇ ಇದೆ. ಮೇಲ್ಭಾಗ ಹಿಂದಕ್ಕೆ, ನಿಮ್ಮ ಕಡೆಗೆ ಓಡುತ್ತಿದೆ. ಅಂದರೆ ಬ್ಯಾಕ್‌ಸ್ಪಿನ್. ನೀವು ಕಟ್ ಮಾಡಿಲ್ಲ, ಬ್ಯಾಟ್ ಅಲ್ಲಾಡಿಸಿಯೂ ಇಲ್ಲ. ಎದುರಾಳಿ ಕೊಟ್ಟ ಸ್ಪಿನ್ನೇ ಎದುರಾಳಿಗೆ ಬ್ಯಾಕ್‌ಸ್ಪಿನ್ ಆಗಿ ಹೋಯಿತು. ಅವರು ಮಾಮೂಲಿ ಬ್ಲಾಕ್ ಬಂತು ಅಂದುಕೊಂಡು ಬ್ಯಾಟ್ ಬಾಗಿಸಿ ಇನ್ನೊಂದು ಲೂಪ್ ಹೊಡೆದರೆ ಚೆಂಡು ನೆಟ್‌ನಲ್ಲಿ.

ಅವರು ಅದನ್ನು ಗುರುತಿಸಿ, ಬ್ಯಾಟ್ ಕೆಳಗೆ ತಂದು ಮೇಲಕ್ಕೆ ಉಜ್ಜಿ ಎತ್ತಿದರು ಅನ್ನೋಣ. ಅವರ ಕಡೆಯ ಚೆಂಡಿನ ಮುಖ ಮೊದಲೇ ಮೇಲಕ್ಕೆ ಓಡುತ್ತಿದೆ. ಅವರ ಬ್ಯಾಟೂ ಮೇಲಕ್ಕೇ ಉಜ್ಜುತ್ತಿದೆ. ಆದ್ದರಿಂದ ಇಲ್ಲಿ ಸ್ಪಿನ್ ಅನ್ನು ನಿಲ್ಲಿಸಿ ಉಲ್ಟಾ ಮಾಡಬೇಕಾಗಿಲ್ಲ. ಇದ್ದ ಎಡಸುತ್ತಿಗೇ ಇನ್ನಷ್ಟು ಸೇರಿಸಿದರಾಯಿತು. ಬ್ಯಾಟ್ ಸಾಕಷ್ಟು ವೇಗವಾಗಿ ಉಜ್ಜಿದರೆ ಮೊದಲಿಗಿಂತ ಜಾಸ್ತಿ ಸ್ಪಿನ್ ಬರುತ್ತದೆ. ಅದು ನಿಮ್ಮ ಲಾಂಗ್ ಪಿಂಪಲ್‌ಗೆ ಬಂದರೆ ಮೊದಲಿಗಿಂತ ಜಾಸ್ತಿ ಬ್ಯಾಕ್‌ಸ್ಪಿನ್ ಆಗಿ ವಾಪಸ್ ಹೋಗುತ್ತದೆ. ಹೀಗೆ ಆರೇಳು ಹೊಡೆತ ನಡೆದರೂ ಚೆಂಡು ಇಡೀ ಪಾಯಿಂಟ್‌ನಲ್ಲಿ ಒಮ್ಮೆಯೂ ಸುತ್ತಿನ ದಿಕ್ಕು ಬದಲಿಸುವುದಿಲ್ಲ. ಆಟಗಾರರಿಗೆ ಮಾತ್ರ ಒಮ್ಮೆ ಟಾಪ್, ಒಮ್ಮೆ ಬ್ಯಾಕ್ ಅನಿಸುತ್ತಿರುತ್ತದೆ. ಲೂಪ್ ಹೊಡೆಯುವವರು ತಮ್ಮ ಸ್ಪಿನ್‌ನ ಭಾರಕ್ಕೆ ತಾವೇ ಸೋಲುವುದನ್ನು ಇಲ್ಲಿ ನೋಡಬಹುದು. ಪ್ರತಿ ಸಲ ಇನ್ನಷ್ಟು ಎತ್ತಬೇಕು, ಕೊನೆಗೊಮ್ಮೆ ಎತ್ತಲಾಗುವುದಿಲ್ಲ.

ಇನ್ನೊಂದು ಪಾಯಿಂಟ್. ಕ್ಲಬ್ ಮಟ್ಟದಲ್ಲಿ ಜನ ಜಾಸ್ತಿ ಸೋಲುವುದು ಇದರಲ್ಲೇ. ಎದುರಾಳಿ ನಿಮ್ಮ ಲಾಂಗ್ ಪಿಂಪಲ್ ಕಡೆಗೆ ಬ್ಯಾಕ್‌ಸ್ಪಿನ್ ಪುಶ್ ಮಾಡಿದರು, ಅಂದರೆ ಚೆಂಡಿನ ಕೆಳಭಾಗ ಉಜ್ಜಿ ಮೆಲ್ಲಗೆ ತಳ್ಳಿದರು. ಬಲದಿಂದ ಎಡಕ್ಕೆ ಬರುವ ಬ್ಯಾಕ್‌ಸ್ಪಿನ್ ಅಂದರೆ ಬಲಸುತ್ತು. ನೀವೂ ಲಾಂಗ್ ಪಿಂಪಲ್‌ನಿಂದ ಪುಶ್ ಮಾಡಿದಿರಿ. ಚೆಂಡು ಬಲಸುತ್ತಿನಲ್ಲೇ ಬಲಕ್ಕೆ ಹೊರಟಿತು. ಅದು ಸಣ್ಣ ಟಾಪ್‌ಸ್ಪಿನ್. ಎದುರಾಳಿ ಕಂಡದ್ದು ನಿಮ್ಮ ಕೈ ಕೆಳಕ್ಕೆ ಕಟ್ ಮಾಡಿದ್ದನ್ನು. ಬ್ಯಾಕ್‌ಸ್ಪಿನ್ ಬಂತು ಅಂದುಕೊಂಡು ಬ್ಯಾಟ್ ತೆರೆದು ಮತ್ತೆ ಪುಶ್ ಮಾಡಿದರು. ಚೆಂಡು ಭುಜದೆತ್ತರಕ್ಕೆ ಎದ್ದು ನಿಂತಿತು. ನೀವು ಫೋರ್‌ಹ್ಯಾಂಡ್‌ನಿಂದ ಹೊಡೆದು ಮುಗಿಸಿದಿರಿ.

ಇಲ್ಲಿಯವರೆಗೆ ಹೇಳಿದ್ದು ಲಾಂಗ್ ಪಿಂಪಲ್ ಏನೂ ಮಾಡದೆ ಬಿಟ್ಟಾಗಿನ ಕಥೆ. ನಿಜದಲ್ಲಿ ಅದು ಪೂರ್ತಿ ಸುಮ್ಮನಿರುವುದಿಲ್ಲ. ಬಂದ ಸ್ಪಿನ್‌ನ ಒಂದು ಪಾಲು ಹೋಗಿಯೇ ಹೋಗುತ್ತದೆ. ಟೇಬಲ್‌ನಿಂದ ದೂರ ನಿಂತು ಬ್ಯಾಟ್ ಕೆಳಕ್ಕೆ ಬೀಸಿ ಚಾಪ್ ಮಾಡಿದರೆ ಗುಬುಟುಗಳು ಬಾಗಿ, ಅವುಗಳ ಪಕ್ಕವೂ ಚೆಂಡಿಗೆ ಉಜ್ಜುತ್ತದೆ. ಕೆಳಕ್ಕೆ ಓಡುತ್ತಿದ್ದ ಚೆಂಡಿನ ಮುಖಕ್ಕೆ ಬ್ಯಾಟೂ ಕೆಳಕ್ಕೇ ಓಡಿ ಜೊತೆ ಕೊಡುತ್ತದೆ. ಆಗ ಹೋಗುವ ಬ್ಯಾಕ್‌ಸ್ಪಿನ್ ತುಂಬ ಭಾರ. ದಕ್ಷಿಣ ಕೊರಿಯಾದ ಜೂ ಸೆ-ಹ್ಯುಕ್ ಹೀಗೆ ಚಾಪ್ ಮಾಡುತ್ತಲೇ 2003ರ ವಿಶ್ವ ಚಾಂಪಿಯನ್‌ಶಿಪ್ ಫೈನಲ್ ತಲುಪಿದ್ದರು. ನಮ್ಮ ಮನಿಕಾ ಬಾತ್ರಾ ಹಾಗೆ ದೂರ ಹೋಗುವುದಿಲ್ಲ. ಟೇಬಲ್ ಹತ್ತಿರವೇ ನಿಂತು ಬ್ಯಾಕ್‌ಹ್ಯಾಂಡ್‌ನ ಲಾಂಗ್ ಪಿಂಪಲ್‌ನಿಂದ ಚೆಂಡಿನ ಲಯ ಕೆಡಿಸಿ, ಸಿಕ್ಕ ಸಡಿಲ ಚೆಂಡನ್ನು ಫೋರ್‌ಹ್ಯಾಂಡ್‌ನಿಂದ ಹೊಡೆಯುತ್ತಾರೆ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅವರು ಸಿಂಗಲ್ಸ್ ಚಿನ್ನ ಗೆದ್ದದ್ದು ಈ ಆಟದಿಂದಲೇ.

ಲಾಂಗ್ ಪಿಂಪಲ್‌ನ ದೊಡ್ಡ ಮಿತಿ ಏನು ಗೊತ್ತಾ? ಬಂದರೆ ಮಾತ್ರ ಕೊಡುತ್ತದೆ. ಸ್ಪಿನ್ ಇಲ್ಲದ ಸತ್ತ ಚೆಂಡು ಬಂದರೆ ಅದರ ಹತ್ತಿರ ವಾಪಸ್ ಕೊಡಲು ಏನೂ ಇಲ್ಲ. ಹಾಗೆ ಬಂದದ್ದಕ್ಕೆ ಬ್ಲಾಕ್ ಮಾಡಿದರೆ ಇನ್ನೊಂದು ಸತ್ತ ಚೆಂಡು ಹೋಗುತ್ತದೆ. ಸ್ವಲ್ಪ ಮೇಲೆದ್ದರೆ ಎದುರಾಳಿಗೆ ಹಬ್ಬ.

2008ರಲ್ಲಿ ಇನ್ನೊಂದು ಬದಲಾವಣೆ ಆಯಿತು. ಮೈ ಪೂರ್ತಿ ಜಾರುವ, ಚೂರೂ ಹಿಡಿತವಿಲ್ಲದ ಲಾಂಗ್ ಪಿಂಪಲ್‌ಗಳು ಆಗ ಬಹಳ ಬಳಕೆಯಲ್ಲಿದ್ದವು. ಒಕ್ಕೂಟ ಕನಿಷ್ಠ ಹಿಡಿತದ ನಿಯಮ ತಂದು ಅವನ್ನು ನಿಲ್ಲಿಸಿತು. ಈಗ ಸಿಗುವ ಲಾಂಗ್ ಪಿಂಪಲ್ ಅವುಗಳಷ್ಟು ಸ್ಪಿನ್ ವಾಪಸ್ ಕೊಡುವುದಿಲ್ಲ.

ಆಂಟಿ: ಜಾರಿಸಿ, ವೇಗ ನುಂಗುವ ರಬ್ಬರ್

ಈಗ ಐಹಿಕಾ ಅವರ ರಬ್ಬರ್‌ಗೆ ಬರೋಣ. ರಚನೆಯಲ್ಲಿ ಆಂಟಿ ಇನ್ವರ್ಟೆಡ್‌ನ ಅಣ್ಣ ತಮ್ಮನಂತೆ. ಗುಬುಟು ಒಳಗೆ, ನುಣುಪು ಹೊರಗೆ, ಕೆಳಗೆ ಸ್ಪಾಂಜ್. ಆದರೆ ಮೇಲಿನ ಹಾಳೆ ಹಿಡಿಯದಂತೆ ಗಟ್ಟಿಯಾಗಿ, ಜಾರುವಂತೆ ಮಾಡಿರುತ್ತಾರೆ. ಕೆಳಗಿನ ಸ್ಪಾಂಜ್ ಪುಟಿಯುವ ಬದಲು ಪೆಟ್ಟನ್ನು ನುಂಗುತ್ತದೆ.

ಸ್ಪಿನ್ ವಿಷಯದಲ್ಲಿ ಇದು ಲಾಂಗ್ ಪಿಂಪಲ್‌ನ ದಾರಿಯಲ್ಲೇ ಹೋಗುತ್ತದೆ. ಎಡಸುತ್ತಿನಲ್ಲಿ ಬಂದದ್ದು ಎಡಸುತ್ತಿನಲ್ಲೇ ಹೋಗುತ್ತದೆ. ಎಷ್ಟು ಸ್ಪಿನ್ ಉಳಿಯುತ್ತದೆ ಅನ್ನುವುದು ರಬ್ಬರ್ ಮೇಲಿದೆ. ಹಳೇ ಕಾಲದ ಆಂಟಿಗಳಲ್ಲಿ ಸ್ವಲ್ಪ ಹಿಡಿತ ಇರುತ್ತದೆ. ಅವು ಬಂದ ಸ್ಪಿನ್ ಅನ್ನು ಬಹುಪಾಲು ಸಾಯಿಸಿ, ಸತ್ತ ಚೆಂಡನ್ನು ಕಳಿಸುತ್ತವೆ. ಹೊಸ ಕಾಲದ, ಕನ್ನಡಿಯಂತೆ ಜಾರುವ ಆಂಟಿಗಳು ಬಂದ ಸ್ಪಿನ್‌ನ ದೊಡ್ಡ ಪಾಲನ್ನು ಹಾಗೇ ವಾಪಸ್ ಕಳಿಸುತ್ತವೆ. "ಆಂಟಿ" ಅಂದಾಕ್ಷಣ ಸತ್ತ ಚೆಂಡೇ ಬರುತ್ತದೆ ಅಂದುಕೊಂಡು ಆಡುವವರು ಹೊಸ ಆಂಟಿ ಎದುರು ಪೇಚಾಡುತ್ತಾರೆ.

ಲಾಂಗ್ ಪಿಂಪಲ್‌ಗೂ ಇದಕ್ಕೂ ಎರಡು ವ್ಯತ್ಯಾಸ ಇವೆ. ಆಂಟಿಯಲ್ಲಿ ಬಾಗಿ ಮತ್ತೆ ನೇರವಾಗುವ ಗುಬುಟು ಹೊರಗಿಲ್ಲ. ಆದ್ದರಿಂದ ಚೆಂಡು ಅತ್ತಿತ್ತ ಹೊಯ್ದಾಡುವುದು ಕಡಿಮೆ, ಆಡುವವರಿಗೆ ಚೆಂಡಿನ ಮೇಲೆ ನಿಯಂತ್ರಣ ಜಾಸ್ತಿ. ಅದೇ ಕಾರಣಕ್ಕೆ ಬ್ಯಾಟ್ ಬೀಸಿ ಸ್ವಂತ ಸ್ಪಿನ್ ಸೇರಿಸುವುದು ಮಾತ್ರ ಕಷ್ಟ, ಉಜ್ಜಿದರೆ ಜಾರುತ್ತದೆ. ಎರಡನೆಯದು ವೇಗ. ಜೋರಾಗಿ ಬಂದ ಲೂಪ್ ಕೂಡ ಆಂಟಿಗೆ ತಗುಲಿ ನೆಟ್ ಹತ್ತಿರವೇ, ತಗ್ಗಿನಲ್ಲೇ ಬಿದ್ದುಬಿಡಬಹುದು.

ಸುನ್ ಯಿಂಗ್ಶಾ ಅಂಥವರ ಎದುರು ಇದು ಏನು ಮಾಡುತ್ತದೆ ನೋಡಿ. ವೇಗದ ಟಾಪ್‌ಸ್ಪಿನ್ ಆಟಗಾರರು ಒಂದು ಹೊಡೆತ ಹೊಡೆದು, ಚೆಂಡು ಇಷ್ಟು ಹೊತ್ತಿಗೆ, ಇಷ್ಟು ದೂರಕ್ಕೆ ವಾಪಸ್ ಬರುತ್ತದೆ ಅಂತ ಮೊದಲೇ ಲೆಕ್ಕ ಹಾಕಿ ಮುಂದಿನ ಹೊಡೆತಕ್ಕೆ ಸಜ್ಜಾಗಿರುತ್ತಾರೆ. ವರ್ಷಗಟ್ಟಲೆ ಇನ್ವರ್ಟೆಡ್ ಎದುರು ಅಭ್ಯಾಸ ಮಾಡಿ ಆ ಲೆಕ್ಕ ಮೈಗೂಡಿರುತ್ತದೆ. ಆಂಟಿಯಿಂದ ಚೆಂಡು ತಡವಾಗಿ ಬರುತ್ತದೆ, ಹತ್ತಿರಕ್ಕೆ ಬೀಳುತ್ತದೆ, ಟಾಪ್ ಬದಲು ಬ್ಯಾಕ್‌ಸ್ಪಿನ್‌ನಲ್ಲಿರುತ್ತದೆ. ಮೂರೂ ಲೆಕ್ಕ ಒಟ್ಟಿಗೆ ತಪ್ಪುತ್ತವೆ. ಮರುಕ್ಷಣವೇ ಐಹಿಕಾ ಇನ್ವರ್ಟೆಡ್ ಕಡೆಯಿಂದ ಫೋರ್‌ಹ್ಯಾಂಡ್ ಹೊಡೆದರೆ ಚೆಂಡು ಮತ್ತೆ ಮಾಮೂಲಿ ವೇಗದಲ್ಲಿ, ಮಾಮೂಲಿ ಸ್ಪಿನ್‌ನಲ್ಲಿ ಬರುತ್ತದೆ. ಆಂಟಿ ಒಂದೇ ಇದ್ದಿದ್ದರೆ ಗೆಲ್ಲುವುದು ಆಗದ ಮಾತು. ಎರಡು ಮೈಗಳ ನಡುವಿನ ಅಂತರವೇ ಎದುರಾಳಿಯನ್ನು ಕಾಡುವುದು.

ಇಂಥ ರಬ್ಬರ್ ಹಚ್ಚಿದವರನ್ನು "ಮೋಸದ ಆಟ" ಅಂತ ಬೈಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆಂಟಿಯಲ್ಲಿ ಹೊಡೆದು ಪಾಯಿಂಟ್ ತೆಗೆಯುವುದು ಕಷ್ಟ, ಎದುರಾಳಿ ಸತ್ತ ಚೆಂಡು ಕೊಟ್ಟರೆ ಆಯುಧವೇ ಇಲ್ಲ. ಅದನ್ನು ಇಟ್ಟುಕೊಂಡು ವಿಶ್ವದ ನಂಬರ್ 1 ಆಟಗಾರ್ತಿಯನ್ನು ಸೋಲಿಸಲು ಬಹಳ ಕೈಚಳಕ ಬೇಕು.

ನಿಜವಾಗಿ ಮೋಸಕ್ಕೆ ಜಾಗವಿದ್ದ ಕಾಲ

ಮೊದಲು ಎರಡೂ ಬದಿಗೆ ಒಂದೇ ಬಣ್ಣ ಹಚ್ಚಬಹುದಿತ್ತು. ಒಂದು ಕಡೆ ಇನ್ವರ್ಟೆಡ್, ಇನ್ನೊಂದು ಕಡೆ ಆಂಟಿ. ಎರಡೂ ನುಣ್ಣಗೆ, ಎರಡೂ ಒಂದೇ ಬಣ್ಣ. ಆಟದ ನಡುವೆ ಬೆರಳಲ್ಲಿ ಬ್ಯಾಟ್ ತಿರುಗಿಸಿಬಿಟ್ಟರೆ ಯಾವ ಕಡೆಯಿಂದ ಚೆಂಡು ಬಂತು ಅಂತ ಎದುರಾಳಿಗೆ ಗೊತ್ತಾಗುತ್ತಲೇ ಇರಲಿಲ್ಲ. ಇಂಗ್ಲೆಂಡಿನ ಜಾನ್ ಹಿಲ್ಟನ್ ಇಂಥ ಬ್ಯಾಟ್ ಹಿಡಿದು 1980ರ ಯುರೋಪಿಯನ್ ಚಾಂಪಿಯನ್ ಆದರು. ಆಗಿನ ನಿಯಮದಲ್ಲಿ ಅದು ಸರಿಯೇ ಇತ್ತು. ಸದ್ದಿನಿಂದ ಗುರುತು ಹಿಡಿಯುತ್ತಾರೆ ಅಂತ ಕೆಲವರು ಸರ್ವ್ ಮಾಡುವಾಗ ಕಾಲು ನೆಲಕ್ಕೆ ಬಡಿಯುತ್ತಿದ್ದರು.

1986ರಿಂದ ಒಂದು ಕಡೆ ಕೆಂಪು, ಇನ್ನೊಂದು ಕಡೆ ಕಪ್ಪು ಕಡ್ಡಾಯವಾಯಿತು. 2021ರ ಅಕ್ಟೋಬರ್‌ನಿಂದ ಕೆಂಪಿನ ಜಾಗದಲ್ಲಿ ಗುಲಾಬಿ, ನೇರಳೆ, ಹಸಿರು, ನೀಲಿಯೂ ನಡೆಯುತ್ತದೆ. ಒಂದು ಕಡೆ ಕಪ್ಪು ಇರಲೇಬೇಕು. ಕೆಂಪು ಕಡೆಗೆ ಇಂಥ ರಬ್ಬರ್ರೇ ಇರಬೇಕು ಅಂತೇನೂ ಇಲ್ಲ, ಯಾವ ಬಣ್ಣದಲ್ಲಿ ಯಾವುದು ಬೇಕಾದರೂ ಇರಬಹುದು.

ಎದುರಾಳಿಯ ಬ್ಯಾಟ್ ಕೈಗೆ ಬಂದಾಗ

ಪಂದ್ಯಕ್ಕೆ ಮೊದಲು ಬ್ಯಾಟ್ ತೋರಿಸು ಅಂತ ಕೇಳುವುದು ನಿಮ್ಮ ಹಕ್ಕು. ನಿಯಮದಲ್ಲೇ ಇದೆ, ಸಂಕೋಚ ಬೇಡ. ಪಿಂಪಲ್ ಹೊರಗಿದ್ದರೆ ಕಣ್ಣಿಗೇ ಕಾಣುತ್ತದೆ. ಗುಬುಟು ಗಿಡ್ಡವೋ ಉದ್ದವೋ ಅಂತ ಪಕ್ಕದಿಂದ ನೋಡಿ. ಉದ್ದನೆಯವು ಮುಟ್ಟಿದರೆ ಸುಲಭವಾಗಿ ಬಾಗುತ್ತವೆ. ನುಣ್ಣಗಿದ್ದರೆ ಒಂದು ಚೆಂಡನ್ನು ರಬ್ಬರ್ ಮೇಲಿಟ್ಟು ಅಂಗೈಯಿಂದ ಸ್ವಲ್ಪ ಒತ್ತಿ ಪಕ್ಕಕ್ಕೆ ತಳ್ಳಿ. ಇನ್ವರ್ಟೆಡ್ ಆದರೆ ಚೆಂಡು ರಬ್ಬರ್‌ಗೆ ಕಚ್ಚಿಕೊಂಡು ಉರುಳುತ್ತದೆ. ಆಂಟಿ ಆದರೆ ಉರುಳದೆ ಜಾರಿಬಿಡುತ್ತದೆ. ಆಮೇಲೆ ಯಾವ ಬಣ್ಣದ ಕಡೆ ಯಾವುದು ಅಂತ ನೆನಪಿಟ್ಟುಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆ. ಕಚೇರಿಗಳಲ್ಲಿ, ಅಪಾರ್ಟ್‌ಮೆಂಟ್ ಕ್ಲಬ್‌ಹೌಸ್‌ಗಳಲ್ಲಿ ವರ್ಷಗಟ್ಟಲೆ ಬಿದ್ದಿರುವ ಬ್ಯಾಟ್‌ಗಳಿಗೆ ಈ ಪರೀಕ್ಷೆ ಮಾಡಿದರೂ ಚೆಂಡು ಜಾರುತ್ತದೆ. ಅವು ಆಂಟಿ ಅಲ್ಲ, ಧೂಳು ಕುಳಿತು, ಒಣಗಿ, ಹೊಳಪು ಬಂದ ಇನ್ವರ್ಟೆಡ್. ಹಿಡಿತ ಸತ್ತಿದೆ, ಆದರೆ ಪೆಟ್ಟು ನುಂಗುವ ಸ್ಪಾಂಜ್ ಇಲ್ಲ. ಅದರಲ್ಲಿ ಸ್ಪಿನ್ ಸರ್ವ್ ಕಲಿಯಲು ಹೊರಟವರಿಗೆ ತಮ್ಮ ಕೈಯಲ್ಲೇ ತಪ್ಪಿದೆ ಅನಿಸುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ ನೋಡಿ. ಬರೀ ಧೂಳಾಗಿದ್ದರೆ ಹಿಡಿತ ವಾಪಸ್ ಬರುತ್ತದೆ. ಮೈಯೇ ಒಣಗಿದ್ದರೆ ರಬ್ಬರ್ ಬದಲಿಸುವುದೊಂದೇ ದಾರಿ. ಹೊಸದಾಗಿ ಕಲಿಯುವವರಿಗೆ ಎರಡೂ ಕಡೆ ಇನ್ವರ್ಟೆಡ್ಡೇ ಇರಲಿ. ಚೆಂಡನ್ನು ಹಿಡಿದು ತಿರುಗಿಸುವುದು ಕೈಗೆ ಬಂದಮೇಲೆ ಬೇರೆಯದನ್ನು ಯೋಚಿಸಬಹುದು.

ಲಾಂಗ್ ಪಿಂಪಲ್ ಅಥವಾ ಆಂಟಿ ಎದುರು ಆಡುವುದು ಹೇಗೆ? ಅಂಪೈರ್ ಕುರ್ಚಿಯ ಲೆಕ್ಕವನ್ನೇ ಬಳಸಿ. ಅವರ ಕೈ ಏನು ಮಾಡಿತು ಅಂತ ನೋಡುವುದಕ್ಕಿಂತ ನೀವು ಹಿಂದಿನ ಚೆಂಡಿಗೆ ಏನು ಕೊಟ್ಟಿರಿ ಅನ್ನುವುದನ್ನು ನೆನಪಿಡಿ. ಜೋರು ಲೂಪ್ ಕೊಟ್ಟಿದ್ದರೆ ಬ್ಯಾಕ್‌ಸ್ಪಿನ್ ಬರುತ್ತದೆ, ಎತ್ತಲು ಸಿದ್ಧರಾಗಿ ಅಥವಾ ಮೆಲ್ಲಗೆ ಪುಶ್ ಮಾಡಿ. ಪುಶ್ ಕೊಟ್ಟಿದ್ದರೆ ಸಣ್ಣ ಟಾಪ್‌ಸ್ಪಿನ್ ಬರುತ್ತದೆ, ಬ್ಯಾಟ್ ಬಾಗಿಸಿ ಹೊಡೆಯಿರಿ. ಸೈಡ್‌ಸ್ಪಿನ್‌ಗೂ ಇದೇ ಲೆಕ್ಕ. ಯಾವುದೂ ತಿಳಿಯದಿದ್ದರೆ ಸ್ಪಿನ್ ಇಲ್ಲದ ಉದ್ದನೆಯ ಚೆಂಡನ್ನು ಆ ಕಡೆಗೇ ಕಳಿಸಿ. ವಾಪಸ್ ಬರುವುದೂ ಸ್ಪಿನ್ ಇಲ್ಲದ ಚೆಂಡೇ. ಅದನ್ನು ನೀವು ಇಷ್ಟಬಂದಂತೆ ಆಡಬಹುದು. ಸರ್ವ್ ಕೂಡ ಹಾಗೇ: ಭಾರೀ ಸ್ಪಿನ್ ಸರ್ವ್ ಕೊಟ್ಟರೆ ಅವರಿಗೆ ಬಂಡವಾಳ ಕೊಟ್ಟಂತೆ, ಸ್ಪಿನ್ ಇಲ್ಲದ ಉದ್ದ ಸರ್ವ್ ಕೊಟ್ಟರೆ ಅವರ ರಬ್ಬರ್‌ಗೆ ಕೆಲಸವೇ ಇಲ್ಲ.

ಅನುಭವಿಗಳು ಇಷ್ಟಕ್ಕೂ ಸಿದ್ಧರಾಗಿರುತ್ತಾರೆ. ನೀವು ಸತ್ತ ಚೆಂಡು ಕಳಿಸುತ್ತಿದ್ದೀರಿ ಅಂತ ಗೊತ್ತಾದ ಕೂಡಲೇ ಪಾಯಿಂಟ್ ನಡುವೆ ಬ್ಯಾಟ್ ತಿರುಗಿಸಿ, ಅದೇ ಬ್ಯಾಕ್‌ಹ್ಯಾಂಡ್ ಕಡೆಯಿಂದ ಇನ್ವರ್ಟೆಡ್‌ನಲ್ಲಿ ಹೊಡೆಯುತ್ತಾರೆ. ಆಗ ಸರ್ವ್ ಮಾಡುವ ಮುಂಚೆ ಒಮ್ಮೆ, ಅವರ ಬ್ಯಾಟ್ ಚೆಂಡಿಗೆ ತಗುಲುವ ಮುಂಚೆ ಇನ್ನೊಮ್ಮೆ ಬಣ್ಣ ನೋಡುವ ಅಭ್ಯಾಸ ಇರಬೇಕು. ಕೆಂಪು ಕಂಡರೆ ಒಂದು ಲೆಕ್ಕ, ಕಪ್ಪು ಕಂಡರೆ ಇನ್ನೊಂದು.